ಮೂವತ್ತು ದಿನವೂ ನಾಲ್ಕು ಡಿಗ್ರಿ

ಭಾವ ಗಲ್ಲಾದ ಕೆಳಗಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. "ನೋಡಪ್ಪ, ಎಲ್ಲ ಬರೆದಿಟ್ಟಿದೀನಿ. ಇನ್ನು ಯಾವ ಆಫೀಸರ್ ಬಂದ್ರೂ ಭಯ ಇಲ್ಲ."

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಅವರದ್ದು ಆರು ಟೇಬಲ್ಲಿನ ಸಸ್ಯಾಹಾರಿ ಹೋಟೆಲ್. ಬೆಳಿಗ್ಗೆ ಇಡ್ಲಿ, ವಡೆ, ಚಿತ್ರಾನ್ನ, ಮಧ್ಯಾಹ್ನ ಊಟ, ಸಂಜೆಗೆ ದೋಸೆ. ನಾನು ಹದಿನೈದು ವರ್ಷ ಕಾರ್ಖಾನೆ ಕ್ಯಾಂಟೀನುಗಳನ್ನು ನಡೆಸುವ ಗುತ್ತಿಗೆದಾರರೊಬ್ಬರ ಹತ್ತಿರ ಇಂಥ ದಾಖಲೆಗಳನ್ನೇ ನೋಡಿಕೊಂಡಿದ್ದವನು. ಅದಕ್ಕೇ ಭಾವ ಕರೆಸಿದ್ದರು.

ಏಪ್ರಿಲ್ ತಿಂಗಳ ಪುಟ ತೆರೆದೆ. ಫ್ರಿಜ್ಜಿನ ತಾಪಮಾನ: ಒಂದನೇ ತಾರೀಕು ಬೆಳಿಗ್ಗೆ 4, ಸಂಜೆ 4. ಎರಡನೇ ತಾರೀಕು 4, 4. ಮೂವತ್ತನೇ ತಾರೀಕಿನವರೆಗೂ ಅದೇ ನಾಲ್ಕು, ಅದೇ ನೀಲಿ ಪೆನ್ನು, ಅದೇ ಓರೆ ಅಕ್ಷರ.

"ಹದಿನೆಂಟನೇ ತಾರೀಕು ಗಾಳಿಮಳೆಗೆ ಕಂಬ ಬಿದ್ದು ಅರ್ಧ ದಿನ ಕರೆಂಟೇ ಇರಲಿಲ್ಲ ಅಂತ ನೀವೇ ಫೋನಲ್ಲಿ ಹೇಳಿದ್ರಲ್ಲ ಭಾವ?"

ಅವರು ಮಾತಾಡಲಿಲ್ಲ. ಫ್ರಿಜ್ ತೆರೆದೆ. ಬಾಗಿಲಿನ ಕೆಳಗಿನ ಅರೆಯಲ್ಲಿ ಥರ್ಮಾಮೀಟರ್ ಮಲಗಿತ್ತು. ಅದರ ಪರದೆ ಖಾಲಿ. ಬ್ಯಾಟರಿ ಯಾವತ್ತು ಮುಗಿದಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಆಹಾರ ಸುರಕ್ಷತಾ ಅಧಿಕಾರಿಗಳು ಇಂಥ ಪುಸ್ತಕಗಳನ್ನು ದಿನಾ ನೋಡುತ್ತಾರೆ. ಅಡುಗೆಮನೆಯ ಫ್ರಿಜ್ಜಿನ ಬಾಗಿಲು ದಿನಕ್ಕೆ ನೂರು ಸಲ ತೆರೆಯುತ್ತದೆ. ಅದು ಬೆಳಿಗ್ಗೆ 3 ತೋರಿಸಿದರೆ ಮಧ್ಯಾಹ್ನದ ಗಡಿಬಿಡಿ ಮುಗಿದಾಗ 6 ತೋರಿಸಬಹುದು, ರಾತ್ರಿ ಮತ್ತೆ 4ಕ್ಕೆ ಇಳಿಯಬಹುದು. ಇಡೀ ತಿಂಗಳು ಒಂದೇ ಅಂಕಿ ಬರೆದವರು ಅಳೆದಿಲ್ಲ ಎಂಬುದು ಪುಟ ತಿರುವುವಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಆ ಪುಸ್ತಕದಲ್ಲಿ ನಿಜವಾಗಿ ಬರೆದದ್ದನ್ನೂ ಯಾರೂ ನಂಬುವುದಿಲ್ಲ. ಸುಳ್ಳು ಚಾರ್ಟಿಗಿಂತ ಖಾಲಿ ಚಾರ್ಟೇ ಮೇಲು. ಖಾಲಿ ಬಿಟ್ಟದ್ದು ಉದಾಸೀನ, ಸುಳ್ಳು ಬರೆದದ್ದು ಮೋಸ.

ಅಧಿಕಾರಿಯ ಕೈಯಲ್ಲಿರುವ ಪಟ್ಟಿ

ಹೋಟೆಲುಗಳು ಹೇಗಿರಬೇಕು ಎಂದು ಹೇಳುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, ಮತ್ತು ಅದರಡಿ 2011ರಲ್ಲಿ ಬಂದ ಪರವಾನಗಿ ನಿಯಮಗಳ ನಾಲ್ಕನೇ ಅನುಸೂಚಿ. ಅದನ್ನೇ ಪ್ರಶ್ನೆಗಳಾಗಿ ಮಾಡಿದ ತಪಾಸಣಾ ಪಟ್ಟಿ ಅಧಿಕಾರಿಯ ಕೈಯಲ್ಲಿರುತ್ತದೆ. ಹೋಟೆಲ್ ಮತ್ತು ಕೇಟರಿಂಗ್ ವಿಭಾಗದ ಪಟ್ಟಿಗೆ ಒಟ್ಟು 114 ಅಂಕ. 91 ದಾಟಿದರೆ ತೃಪ್ತಿಕರ, 84ಕ್ಕಿಂತ ಕೆಳಗೆ ಬಂದರೆ ನಾಪಾಸು. ಕೆಲವು ಪ್ರಶ್ನೆಗಳ ಪಕ್ಕ ನಕ್ಷತ್ರದ ಗುರುತಿದೆ. ಉಳಿದದ್ದರಲ್ಲಿ ಎಷ್ಟೇ ಅಂಕ ಬಂದರೂ ನಕ್ಷತ್ರದ ಪ್ರಶ್ನೆಯಲ್ಲಿ ಸೋತರೆ ಸೋತಂತೆಯೇ.

ಈ ಪಟ್ಟಿ ಗುಟ್ಟಿನದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಭಾವನ ಹೋಟೆಲಿನಲ್ಲಿ ಮೊದಲ ದಿನ ನಾವು ಮಾಡಿದ್ದು ಇಷ್ಟೇ: ಪಟ್ಟಿ ಹಿಡಿದು, ಅಧಿಕಾರಿಯ ಹಾಗೆ ಹಿಂಬಾಗಿಲಿನಿಂದ ಒಳಗೆ ಬಂದೆವು. ನೀರಿನ ಪರೀಕ್ಷೆ ಆರು ತಿಂಗಳಿಗೊಮ್ಮೆ, ಕೆಲಸಗಾರರ ವೈದ್ಯಕೀಯ ತಪಾಸಣೆ ವರ್ಷಕ್ಕೊಮ್ಮೆ. ಈ ಕಾಗದಗಳೆಲ್ಲ ಒಂದು ಫೈಲಿಗೆ ಸೇರಿದವು. ಅದು ಅರ್ಧ ದಿನದ ಕೆಲಸ. ದಿನಾ ಬರೆಯಬೇಕಾದ ಮೂರು ಪುಸ್ತಕಗಳು ಮಾತ್ರ ಎರಡು ತಿಂಗಳು ತೆಗೆದುಕೊಂಡವು. ದಾಖಲೆಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿ ತಪಾಸಣೆಯ ಹಿಂದಿನ ರಾತ್ರಿ ಕೂತು ಬರೆದು ಮುಗಿಸುವ ಮಾತೇ ಇಲ್ಲ.

ಮೊದಲು ಥರ್ಮಾಮೀಟರಿಗೇ ಪರೀಕ್ಷೆ

ಎರಡು ಉಪಕರಣ ತಂದೆವು. ಒಂದು ಫ್ರಿಜ್ಜಿನೊಳಗೆ ಇಡುವುದು, ಇನ್ನೊಂದು ಅಡುಗೆಯೊಳಗೆ ಚುಚ್ಚಿ ನೋಡುವ ಕಡ್ಡಿ ಥರ್ಮಾಮೀಟರ್. ಹೊಸದೆಂದು ನಂಬುವ ಹಾಗಿಲ್ಲ. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್, ಸಂದುಗಳು ತುಂಬುವಷ್ಟು ನೀರು. ಚೆನ್ನಾಗಿ ಕಲಕಿ, ಕಡ್ಡಿಯನ್ನು ತಳಕ್ಕೆ ತಾಗದಂತೆ ಹಿಡಿದು ಎರಡು ಮೂರು ನಿಮಿಷ ಕಾದರೆ ಸೊನ್ನೆ ಬರಬೇಕು. ಒಂದು ಡಿಗ್ರಿ ಹೆಚ್ಚುಕಡಿಮೆ ಆದರೆ ಅಡ್ಡಿಯಿಲ್ಲ.

ಭಟ್ಟರು ಕುದಿಯುವ ನೀರಿಗೂ ಒಮ್ಮೆ ಅದ್ದಿದರು. 97 ತೋರಿಸಿತು. "ಕೆಟ್ಟುಹೋಗಿದೆ ಸ್ವಾಮಿ, ನೂರು ಬರ್ಬೇಕಲ್ವ?" ಎಂದರು. ಕೆಟ್ಟಿರಲಿಲ್ಲ. ಹಾಸನ ಸಮುದ್ರಮಟ್ಟದಿಂದ ಒಂದು ಕಿಲೋಮೀಟರಿನಷ್ಟು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಕುದಿಯುವುದೇ 97ರ ಹತ್ತಿರ. ಮಂಗಳೂರಿನಲ್ಲಾದರೆ ನೂರು ಸರಿ. ನಮ್ಮ ಕಡೆ ಐಸಿನ ಪರೀಕ್ಷೆಯೇ ಭರವಸೆಯದ್ದು. ತಿಂಗಳ ಮೊದಲ ತಾರೀಕು ಆ ಪರೀಕ್ಷೆ ಮಾಡಿ, ಬಂದ ಅಂಕಿಯನ್ನು ಚಾರ್ಟಿನ ಮೇಲ್ಗಡೆ ಬರೆಯುವುದೆಂದು ಗೊತ್ತು ಮಾಡಿಕೊಂಡೆವು.

ಫ್ರಿಜ್ಜಿನ ಥರ್ಮಾಮೀಟರನ್ನು ಬಾಗಿಲಿನಿಂದ ತೆಗೆದು ನಡುವಿನ ಅರೆಗೆ ಹಾಕಿದೆವು. ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯುವ ಮೊದಲ ಸಲ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಊಟದ ಗಡಿಬಿಡಿ ಇಳಿದ ಮೇಲೆ ಒಮ್ಮೆ ನೋಡಬೇಕು. 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಿ. ಚಾರ್ಟಿನಲ್ಲಿ ತಾರೀಕು, ಹೊತ್ತು, ಅಂಕಿ, ನೋಡಿದವರ ಸಹಿಯ ಜತೆಗೆ ಒಂದು ಅಗಲವಾದ ಖಾನೆ ಬಿಟ್ಟೆವು: "ಹೆಚ್ಚಿದ್ದರೆ ಏನು ಮಾಡಿದಿರಿ?" ಹಳೆಯ ಪುಸ್ತಕದಲ್ಲಿ ಆ ಖಾನೆಯೇ ಇರಲಿಲ್ಲ. ಅಂಕಿ ತಪ್ಪಿದಾಗ ಏನು ಬರೆಯಬೇಕೆಂದು ತಿಳಿಯದವರು ನಾಲ್ಕು ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

ನಿನ್ನೆಯ ಅನ್ನದ ಕಥೆ

ಫ್ರಿಜ್ಜಿಗಿಂತ ದೊಡ್ಡ ತೊಡಕು ಅದರ ಹೊರಗಿತ್ತು. ಮಧ್ಯಾಹ್ನ ಉಳಿದ ಆರೇಳು ಕೆಜಿ ಅನ್ನವನ್ನು ಭಟ್ಟರು ಅದೇ ಕೊಳಗದಲ್ಲಿ ಬಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಮಾರನೇ ಬೆಳಿಗ್ಗೆ ಚಿತ್ರಾನ್ನ ಮಾಡುತ್ತಿದ್ದರು. ಜಿಪುಣತನದಿಂದಲ್ಲ. "ಬಿಸಿ ಅನ್ನಕ್ಕೆ ಒಗ್ಗರಣೆ ಹಾಕಿದ್ರೆ ಮುದ್ದೆಯಾಗತ್ತೆ. ಚಿತ್ರಾನ್ನ ಉದುರುದುರಾಗಿರಬೇಕು ಅಂದ್ರೆ ಆರಿದ ಅನ್ನವೇ ಆಗಬೇಕು," ಎಂದರು. ಮಾತು ನಿಜವೇ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಮಣ್ಣಿನಿಂದ ಬಂದವು, ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅವು ಮೊಳೆತು, ಬೆಳೆದು, ವಾಂತಿ ತರಿಸುವ ಒಂದು ವಿಷವನ್ನು ಬಿಡುತ್ತವೆ. ಆ ವಿಷ ಶಾಖಕ್ಕೆ ಜಗ್ಗುವುದಿಲ್ಲ. ಬೆಳಿಗ್ಗೆ ಎಷ್ಟೇ ಹುರಿದರೂ ಅದು ಹಾಗೇ ಉಳಿಯುತ್ತದೆ. ಅನ್ನ ಹಳಸಿದ ವಾಸನೆಯೂ ಬರಬೇಕೆಂದಿಲ್ಲ. ಆದ್ದರಿಂದ ಮೂಗು ಇಲ್ಲಿ ಸಾಕ್ಷಿಯಾಗಲಾರದು.

ನಿಯಮ ಸರಳವಾಗಿದೆ. ಬೇಯಿಸಿದ್ದನ್ನು ಬಿಸಿಯಾಗಿ ಇಡುವುದಾದರೆ 60 ಡಿಗ್ರಿಗಿಂತ ಮೇಲಿರಬೇಕು. ಆರಿಸಿ ಇಡುವುದಾದರೆ 60ರಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನೆರಡು ಗಂಟೆಯೊಳಗೆ ಇಳಿಯಬೇಕು.

ಒಂದು ದಿನ ನಾವು ಹಳೆಯ ಪದ್ಧತಿಯನ್ನೇ ಬಿಟ್ಟು ಅಳೆದೆವು. ಮಧ್ಯಾಹ್ನ ಮೂರೂವರೆಗೆ ಕೊಳಗದ ನಡುಭಾಗ 71 ಡಿಗ್ರಿ. ಐದೂವರೆಗೆ 58. ರಾತ್ರಿ ಒಂಬತ್ತಕ್ಕೆ 44. ಬೆಳಿಗ್ಗೆ ಐದಕ್ಕೆ ಕಡ್ಡಿ ಚುಚ್ಚಿದಾಗ 31. ಕೈಗೆ ಮೇಲಿನ ಅನ್ನ ತಣ್ಣಗಿತ್ತು, ಒಳಗೆ ರಾತ್ರಿಯಿಡೀ ಬೆಚ್ಚಗಿನ ಗೂಡು. ಭಟ್ಟರು ಆ ಅಂಕಿಗಳನ್ನು ಎರಡು ಸಲ ಓದಿದರು. ಅವತ್ತಿನ ಅನ್ನ ಬುಟ್ಟಿಗೆ ಹೋಯಿತು.

ಮಾರನೇ ದಿನ ಉಳಿದ ಅನ್ನವನ್ನು ನಾಲ್ಕು ಅಗಲದ ಸ್ಟೀಲ್ ತಟ್ಟೆಗಳಲ್ಲಿ ಒಂದು ಅಂಗುಲ ದಪ್ಪಕ್ಕೆ ಹರಡಿದೆವು. ಮೂರೂವರೆಗೆ 62 ಇತ್ತು. ಜಾಲರಿ ಮುಚ್ಚಿ ಫ್ಯಾನ್ ಹಾಕಿದಾಗ ನಾಲ್ಕು ಇಪ್ಪತ್ತಕ್ಕೆ 31ಕ್ಕೆ ಬಂತು. ಫ್ಯಾನ್ ಗಾಳಿ ಕೋಣೆಗಿಂತ ತಣ್ಣಗೆ ಮಾಡಲಾರದು. ಅದಕ್ಕೆ ಅಲ್ಲಿಂದ ಫ್ರಿಜ್ಜಿಗೆ, ತಟ್ಟೆಯ ಮೇಲೆ ತಟ್ಟೆ ಪೇರಿಸದೆ, ನಡುವೆ ಗಾಳಿ ಆಡುವಂತೆ ಇಟ್ಟೆವು. ಐದೂ ಹತ್ತಕ್ಕೆ 20, ಏಳು ಗಂಟೆಗೆ 5. ನಾಲ್ಕು ಅಳತೆ, ನಾಲ್ಕು ಸಹಿ. ಆಮೇಲೆ ಮುಚ್ಚಳ ಹಾಕಿ ತಾರೀಕಿನ ಚೀಟಿ ಅಂಟಿಸಿದೆವು.

ಬೆಳಿಗ್ಗೆ ಅದೇ ಅನ್ನ ಗಟ್ಟಿಯಾಗಿ, ಕಾಳು ಕಾಳಾಗಿ ಬಿಡಿಸಿಕೊಂಡಿತು. ಒಗ್ಗರಣೆಯ ಬಾಣಲೆಯಲ್ಲೇ ಉರಿಯ ಮೇಲೆ ಮಗುಚಿ, ಒಳಗೆ 75 ಡಿಗ್ರಿ ಮುಟ್ಟಿ ಎರಡು ನಿಮಿಷ ನಿಂತ ಮೇಲೆ ಇಳಿಸಬೇಕು. ನಿಂಬೆರಸ ಆಮೇಲೆ. "ಉದುರು ಮೊದಲಿಗಿಂತ ಚೆನ್ನಾಗಿ ಬಂತಲ್ಲ!" ಎಂದು ಭಟ್ಟರೇ ಹೇಳಿದರು.

ಸಾಂಬಾರಿಗೆ ಈ ಉಪಾಯ ನಡೆಯಲಿಲ್ಲ. ಹದಿನೈದು ಲೀಟರ್ ಸಾಂಬಾರನ್ನು ಎರಡು ಗಂಟೆಯಲ್ಲಿ 21ಕ್ಕೆ ಇಳಿಸಲು ಕೆಜಿಗಟ್ಟಲೆ ಐಸ್ ಬೇಕು. ಹಾಗೇ ಬಿಸಿಯಾಗಿ ಫ್ರಿಜ್ಜಿಗಿಟ್ಟರೆ ಪಕ್ಕದ ಮೊಸರು, ಚಟ್ನಿಗಳೆಲ್ಲ ಬೆಚ್ಚಗಾಗುತ್ತವೆ. ಒಂದು ವಾರ ಎಷ್ಟು ಉಳಿಯುತ್ತದೆಂದು ಬರೆದು ನೋಡಿ, ಭಾವ ಒಂದೇ ದೊಡ್ಡ ತಪ್ಪಲೆಯ ಬದಲು ಹನ್ನೊಂದಕ್ಕೊಂದು, ಒಂದೂವರೆಗೊಂದು ಸಣ್ಣ ತಪ್ಪಲೆ ಸಾಂಬಾರು ಮಾಡಿಸಲು ಶುರುಮಾಡಿದರು. ಉಳಿಯುವುದೇ ನಿಂತಿತು. ಅದಕ್ಕೊಂದು ಚಾರ್ಟಿನ ಅಗತ್ಯವೇ ಬೀಳಲಿಲ್ಲ.

ಜಿರಲೆ ಎಲ್ಲಿಂದ ಬರುತ್ತದೆ

ಕೀಟ ನಿಯಂತ್ರಣಕ್ಕೆ ಭಾವನ ಹತ್ತಿರ ಇದ್ದ ದಾಖಲೆ ಎಂದರೆ ಔಷಧಿ ಹೊಡೆಯುವವನು ತಿಂಗಳಿಗೊಮ್ಮೆ ಕೊಟ್ಟ ರಸೀದಿ. ಅದರಲ್ಲಿ ಹಣ ಇತ್ತು. ಯಾವ ಔಷಧಿ, ಎಷ್ಟು, ಯಾವ ಮೂಲೆಗೆ ಎಂಬುದಿರಲಿಲ್ಲ. ಮುಂದಿನ ಸಲದಿಂದ ಅವನ್ನೂ ಬರೆಸಿಕೊಂಡೆವು, ಅವನ ಪರವಾನಗಿಯ ಪ್ರತಿಯನ್ನೂ ಫೈಲಿಗೆ ಹಾಕಿದೆವು. ಆದರೂ ಔಷಧಿ ಹೊಡೆದದ್ದು ಗೊತ್ತಾಗುತ್ತದೆಯೇ ಹೊರತು ಜಿರಲೆ ಕಡಿಮೆಯಾಯಿತೇ ಎಂಬುದು ಗೊತ್ತಾಗುವುದಿಲ್ಲ.

ಒಂದು ಹಾಳೆಯಲ್ಲಿ ಅಡುಗೆಮನೆಯ ನಕ್ಷೆ ಬರೆದು, ಏಳು ಜಾಗದಲ್ಲಿ ಅಂಟಿನ ಹಲಗೆ ಇಟ್ಟು, ನಕ್ಷೆಯಲ್ಲೂ ಹಲಗೆಯಲ್ಲೂ ಒಂದರಿಂದ ಏಳರವರೆಗೆ ನಂಬರ್ ಹಾಕಿದೆವು. ಪ್ರತಿ ಸೋಮವಾರ ಎಣಿಸಿ ಬರೆಯುವುದು. ಮೂರು ವಾರದಲ್ಲಿ ಚಿತ್ರ ತಾನಾಗಿ ಮೂಡಿತು. ಉಳಿದ ಹಲಗೆಗಳಲ್ಲಿ ಸೊನ್ನೆ ಅಥವಾ ಒಂದು. ಮೂರನೇ ನಂಬರಿನಲ್ಲಿ 9, 11, 10. ಅದು ಗ್ರೈಂಡರಿನ ಹಿಂದಿನ ಜಾಗ. ಎಲ್ಲವೂ ಸಣ್ಣ ಕಂದು ಜಿರಲೆಗಳು. ದೊಡ್ಡವು ಹೆಚ್ಚಾಗಿ ಚರಂಡಿಯಿಂದ ಬರುತ್ತವೆ. ಈ ಸಣ್ಣವು ಅಡುಗೆಮನೆಯಲ್ಲೇ ಬೆಚ್ಚಗಿನ ಸಂದು ಹಿಡಿದು ಸಂಸಾರ ಮಾಡುತ್ತವೆ.

ಗ್ರೈಂಡರ್ ಸರಿಸಿ ನೋಡಿದಾಗ ಕಾರಣ ಕಂಡಿತು. ಮೋಟರಿನ ಕೆಳಗೆ ತಿಂಗಳುಗಟ್ಟಲೆ ಒಣಗಿದ ಹಿಟ್ಟಿನ ಪದರ, ಗೋಡೆಯಲ್ಲಿ ಪೈಪ್ ಹೋದ ಕಡೆ ಬೆರಳು ತೂರುವಷ್ಟು ಸಂದು. ಹಿಟ್ಟು ಕೆರೆದು ತೊಳೆದು, ಸಂದಿಗೆ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿದೆವು. ಬರೀ ಸಿಮೆಂಟ್ ಆದರೆ ಇಲಿ ಕೆರೆದು ತೆಗೆಯುತ್ತದೆ, ಸ್ಟೀಲ್ ನಾರನ್ನು ಕಡಿಯಲು ಅದಕ್ಕೆ ಕಷ್ಟ. ಪೆನ್ಸಿಲ್ ತೂರುವಷ್ಟು ಸಂದಿನಲ್ಲಿ ಸುಂಡಿಲಿ ನುಗ್ಗಬಲ್ಲದು. ಹಾಗಾಗಿ ಹಿಂಬಾಗಿಲ ಕೆಳಗೂ ರಬ್ಬರ್ ಪಟ್ಟಿ ಬಂತು. ಮುಂದಿನ ಮೂರು ಸೋಮವಾರ ಮೂರನೇ ಹಲಗೆಯ ಲೆಕ್ಕ 4, 1, 0.

ಪುಸ್ತಕದಲ್ಲಿ ಹತ್ತು ಜಿರಲೆ ಎಂದು ಬರೆದರೆ ನಮ್ಮ ಕೈಯಿಂದಲೇ ನಮ್ಮ ತಪ್ಪು ಒಪ್ಪಿಕೊಂಡ ಹಾಗಲ್ಲವೇ ಎಂದು ಅಕ್ಕ ಕೇಳಿದಳು. ಅಂಟಿನ ಹಲಗೆಯಲ್ಲಿ ಜಿರಲೆ ಸಿಕ್ಕಿದ್ದು ಆ ಹಲಗೆ ಕೆಲಸ ಮಾಡಿದ್ದಕ್ಕೆ ಗುರುತು. ಹತ್ತರ ಪಕ್ಕದಲ್ಲಿ "ಸಂದು ಮುಚ್ಚಿದೆವು", ಅದರ ಕೆಳಗೆ "0" ಇದ್ದರೆ ಓದುವವರಿಗೆ ಹೇಳಬೇಕಾದ್ದೆಲ್ಲ ಅಲ್ಲಿದೆ. ಜಿರಲೆ ಪಾತ್ರೆಗಳ ನಡುವೆ ಓಡಾಡುತ್ತಿದ್ದು ಪುಸ್ತಕದಲ್ಲಿ ಸೊನ್ನೆಯಿದ್ದರೆ ಆಗ ಮಾತ್ರ ಸಿಕ್ಕಿಬಿದ್ದ ಹಾಗೆ.

ರತ್ನಮ್ಮನ ಗುರುತು

ಸ್ವಚ್ಛತೆಯ ಹಳೆಯ ಪುಸ್ತಕದಲ್ಲಿ ದಿನಕ್ಕೊಂದು ಸಾಲು: "ಎಲ್ಲ ಕ್ಲೀನ್ ಮಾಡಿದೆ – ರತ್ನಮ್ಮ." ರತ್ನಮ್ಮ ಊರ ಜಾತ್ರೆಗೆಂದು ಮೂರು ದಿನ ರಜೆ ಹಾಕಿದ್ದು ಹಾಜರಿ ಪುಸ್ತಕದಲ್ಲಿತ್ತು. ಆ ಮೂರು ದಿನವೂ ಅವರ ಹೆಸರು ಇಲ್ಲಿ ಬಿದ್ದಿತ್ತು. ಅವರಿಗೆ ಬರೆಯಲು ಬರುವುದೇ ಇಲ್ಲ. ಬರೆಯುತ್ತಿದ್ದದ್ದು ಸಪ್ಲಯರ್ ಹುಡುಗ.

ಹೊಸ ಚಾರ್ಟನ್ನು ತೊಳೆಯುವ ತೊಟ್ಟಿಯ ಪಕ್ಕದ ಗೋಡೆಗೇ ಹಾಕಿದೆವು. "ಎಲ್ಲ" ಎಂಬ ಮಾತು ಬಿಟ್ಟು, ಒಂದೊಂದು ವಸ್ತುವಿಗೆ ಒಂದೊಂದು ಸಾಲು, ಪಕ್ಕದಲ್ಲಿ ಚಿತ್ರ: ತರಕಾರಿ ಹಲಗೆ, ಗ್ರೈಂಡರ್, ಫ್ರಿಜ್ ಬಾಗಿಲ ರಬ್ಬರ್, ಮೋರಿಯ ಜಾಲರಿ, ಒರೆಸುವ ಬಟ್ಟೆ. ಯಾವುದು ದಿನಾ, ಯಾವುದು ವಾರಕ್ಕೊಮ್ಮೆ ಎಂಬುದು ಬಣ್ಣದಲ್ಲಿ. ರತ್ನಮ್ಮ ಕೆಲಸ ಮುಗಿದ ಕೂಡಲೇ ತಮ್ಮ ಗುರುತಾದ ಒಂದು ಸುತ್ತು ಹಾಕುತ್ತಾರೆ, ರಾತ್ರಿ ಭಾವ ಮುಟ್ಟಿ ನೋಡಿ ಸಹಿ ಮಾಡುತ್ತಾರೆ.

ಚಾರ್ಟಿನಲ್ಲಿ ಅಳತೆಯೂ ಇದೆ. ಮೊದಲು ಸೋಪು ಹಾಕಿ ಉಜ್ಜಿ ತೊಳೆಯಬೇಕು. ಜಿಡ್ಡಿದ್ದರೆ ಕ್ಲೋರಿನ್ ಅದರಲ್ಲೇ ಮುಗಿದುಹೋಗುತ್ತದೆ. ಆಮೇಲೆ ಹತ್ತು ಲೀಟರ್ ಬಕೆಟ್ಟಿಗೆ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 20 ಎಂಎಲ್. ಮುಂಚೆ ರತ್ನಮ್ಮ ವಾಸನೆ ಬರುವಷ್ಟು ಸುರಿಯುತ್ತಿದ್ದರು; ಕೆಲವು ದಿನ ಕೈ ಸುಡುತ್ತಿತ್ತು, ಕೆಲವು ದಿನ ಬರೀ ನೀರು. ಈಗ ಬಾಟಲಿಗೆ ದಾರ ಕಟ್ಟಿ ಒಂದು ಅಳತೆಯ ಮುಚ್ಚಳ ನೇತುಹಾಕಿದೆ. ಶೌಚಾಲಯ ತೊಳೆಯುವ ಆಸಿಡ್ಡನ್ನು ಅಲ್ಲಿಂದ ದೂರ, ಬೇರೆ ಕಪಾಟಿಗೆ ಸಾಗಿಸಿದೆವು. ಎರಡೂ ಬೆರೆತರೆ ಏಳುವುದು ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತದೆ.

ಅಧಿಕಾರಿ ಬಂದ ದಿನ

ಜುಲೈನ ಒಂದು ಮಧ್ಯಾಹ್ನ, ಊಟದ ಹೊತ್ತು ಇಳಿಯುತ್ತಿದ್ದಂತೆ, ಮುನ್ಸೂಚನೆಯಿಲ್ಲದೆ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು. ಪುಸ್ತಕ ಕೇಳುವ ಮೊದಲು ನೇರ ಅಡುಗೆಮನೆಗೆ ಹೋಗಿ, ತಮ್ಮ ಚೀಲದಿಂದ ಕಡ್ಡಿ ಥರ್ಮಾಮೀಟರ್ ತೆಗೆದು ಸಾಂಬಾರಿಗೆ ಅದ್ದಿದರು. ಆಮೇಲೆ ಫ್ರಿಜ್ಜಿನ ಅಂಕಿ ನೋಡಿ, ಅದನ್ನು ನಮ್ಮ ಚಾರ್ಟಿನ ಜತೆ ಹೋಲಿಸಿದರು. ನಂತರ ಪುಟ ಹಿಂದಕ್ಕೆ ತಿರುವುತ್ತ ಒಂದು ಕಡೆ ನಿಂತರು.

ಜೂನ್ 12, ಮಧ್ಯಾಹ್ನ 3 ಗಂಟೆ: 11 ಡಿಗ್ರಿ.

"ಇವತ್ತು ಏನಾಯ್ತು?" ಎಂದು ಅವರು ಕೇಳಿದ್ದು ಭಾವನನ್ನಲ್ಲ, ಸಹಿ ಹಾಕಿದ್ದ ಭಟ್ಟರನ್ನು. ಭಟ್ಟರು ಕೈ ಒರೆಸಿಕೊಂಡು ಹೇಳಿದರು: "ಬಾಗಿಲ ರಬ್ಬರ್ ಸಡಿಲ ಆಗಿತ್ತು ಮೇಡಂ. ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಹಾಕಿ ಎಳೆದ್ರೆ ಸಲೀಸಾಗಿ ಬಂದುಬಿಡ್ತು. ಬೆಳಿಗ್ಗೆ 4 ಇತ್ತು, ಎಷ್ಟು ಹೊತ್ತಿನಿಂದ ಬಿಸಿಯಾಗಿತ್ತೋ ಗೊತ್ತಾಗ್ಲಿಲ್ಲ. ಅದಕ್ಕೆ ಅನ್ನ, ಸಾಗು, ಕಾಯಿ ಚಟ್ನಿ ಬಿಸಾಕಿದ್ವಿ. ತರಕಾರಿ, ನಿಂಬೆಹಣ್ಣು ಉಳಿಸ್ಕೊಂಡ್ವಿ. ಹದಿಮೂರನೇ ತಾರೀಕು ರಬ್ಬರ್ ಬದಲಾಯ್ಸಿದ್ವಿ." ಆ ಖಾನೆಯಲ್ಲೂ ಅದೇ ಬರೆದಿತ್ತು, ರಬ್ಬರಿನ ಬಿಲ್ಲು ಪುಟಕ್ಕೆ ಪಿನ್ ಮಾಡಿತ್ತು. ಅವರು ಒಂದು ಹತ್ತು ರೂಪಾಯಿ ನೋಟು ತೆಗೆದು, ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದರು. ಬರಲಿಲ್ಲ.

ಎಲ್ಲವೂ ಸರಿಯಿತ್ತೆಂದಲ್ಲ. ಹಿಂದಿನ ಕಸದ ಡಬ್ಬಕ್ಕೆ ಮುಚ್ಚಳ ಇರಲಿಲ್ಲ. ಹಿಟ್ಟು ಕಲಸುವ ಜಾಗದ ಮೇಲಿನ ಟ್ಯೂಬ್‌ಲೈಟಿಗೆ ಹೊದಿಕೆ ಇರಲಿಲ್ಲ. ಒಡೆದರೆ ಗಾಜು ಹಿಟ್ಟಿಗೇ ಬೀಳುತ್ತದೆ. ಎರಡನ್ನೂ ಬರೆದುಕೊಂಡು, ಸರಿಮಾಡಿ ಫೋಟೋ ಕಳಿಸಿ ಎಂದರು. ದೋಷ ದೊಡ್ಡದಿದ್ದಿದ್ದರೆ ಕಾಯ್ದೆಯ 32ನೇ ಕಲಂನಡಿ ಸುಧಾರಣಾ ನೋಟಿಸ್ ಬರುತ್ತಿತ್ತು. ಅದರಲ್ಲಿ ಸರಿಪಡಿಸಲು ಕನಿಷ್ಠ 14 ದಿನ ಕೊಡುತ್ತಾರೆ. ಆಗಲೂ ಕೇಳದಿದ್ದರೆ ಪರವಾನಗಿ ಅಮಾನತಿಗೆ ದಾರಿಯಾಗುತ್ತದೆ.

ಅವರು ಹೋದ ಮೇಲೆ ಭಾವ ನಿಟ್ಟುಸಿರು ಬಿಟ್ಟು ಗಲ್ಲಾದಲ್ಲಿ ಕೂತರು. "ಆ ಹನ್ನೊಂದು ಡಿಗ್ರಿ ಪುಟ ಹರಿದುಹಾಕೋಣ ಅಂತ ಎರಡು ಸಲ ಅಂದ್ಕೊಂಡಿದ್ದೆ ಕಣಪ್ಪ," ಎಂದರು. ಒಳಗಿನಿಂದ ಭಟ್ಟರ ದನಿ ಬಂತು: "ಸ್ವಾಮಿ, ಮೂರು ಗಂಟೆದು ಇನ್ನೂ ಬರೆದಿಲ್ಲ. ಅವ್ರು ಬಾಗಿಲು ತೆಗೆದು ಹಾಕಿ ಮಾಡಿದ್ದಕ್ಕೆ ಈಗ 7 ತೋರಿಸ್ತಿದೆ. ಏನು ಬರೀಲಿ?"

"ಏಳು ಅಂತಲೇ ಬರೀರಿ," ಎಂದರು ಭಾವ. "ಅರ್ಧ ಗಂಟೆ ಬಿಟ್ಟು ಇನ್ನೊಂದ್ಸಲ ನೋಡಿ, ಅದನ್ನೂ ಬರೀರಿ."